ಪ್ರಳಯವನ್ನು ಅಳಿಸಿ, ಮಳೆಯನ್ನು ಉಳಿಸಿ

ಜೂನ್ ಬಂತೆಂದರೆ ಕರಾವಳಿಯ ಮೊಬೈಲುಗಳಿಗೆ ಮಳೆಗಿಂತ ಮೊದಲು ಪ್ರಳಯ ಬರುತ್ತದೆ. "ಉಡುಪಿಗೆ ಜಲಕಂಟಕ! ನಾಳೆ ವರುಣನ ರುದ್ರನರ್ತನ, ಮನೆಯಿಂದ ಹೊರಬಿದ್ದರೆ ಜೀವ ಉಳಿಯುವುದಿಲ್ಲ!" ಇಂಥ ಒಂದು ಸಂದೇಶವನ್ನು ಇವತ್ತು ನಿಮ್ಮೆದುರೇ ತಿದ್ದುತ್ತೇನೆ.

ಮೊದಲು ಇದರ ಮೂಲಕ್ಕೆ ಹೋಗೋಣ. ಹವಾಮಾನ ಇಲಾಖೆ ಹೇಳಿದ್ದು ಇಷ್ಟೇ ಎಂದುಕೊಳ್ಳಿ: ನಾಳೆ ಉಡುಪಿ ಜಿಲ್ಲೆಗೆ ಆರೆಂಜ್ ಅಲರ್ಟ್, ಒಂದೆರಡು ಕಡೆ ಭಾರೀಯಿಂದ ಅತಿ ಭಾರೀ ಮಳೆಯ ಸಾಧ್ಯತೆ. ಜಲಕಂಟಕ, ರುದ್ರನರ್ತನ ಇದರಲ್ಲಿ ಎಲ್ಲಿಯೂ ಇಲ್ಲ. ಆ ಎರಡೂ ಪದಗಳನ್ನು ಹಿಂಜರಿಯದೆ ಅಳಿಸಿ.

ಆದರೆ ಅದೇ ಹುರುಪಿನಲ್ಲಿ "ಅತಿ ಭಾರೀ" ಎಂಬುದಕ್ಕೂ ಕೈ ಹಾಕುವವರಿದ್ದಾರೆ. ಜನ ಹೆದರಬಾರದೆಂದು "ಉತ್ತಮ ಮಳೆ" ಎಂದು ಬರೆದುಬಿಡುತ್ತಾರೆ. ಇದು ನನಗೆ ಪ್ರಳಯದ ಸಂದೇಶಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಇಲಾಖೆಯ ಭಾಷೆಯಲ್ಲಿ "ಭಾರೀ" ಎನ್ನುವುದು ಉದ್ಗಾರವಲ್ಲ, ಅಳತೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರೀ, 115.6ರಿಂದ 204.4ರವರೆಗೆ ಅತಿ ಭಾರೀ. ನೂರು ಚದರ ಮೀಟರ್ ಚಾವಣಿಯ ಮೇಲೆ 120 ಮಿಲಿಮೀಟರ್ ಮಳೆ ಸುರಿದರೆ ಹನ್ನೆರಡು ಸಾವಿರ ಲೀಟರ್ ನೀರು. ಆ ಪದವನ್ನು ಅಳಿಸಿದವರು ಇಷ್ಟು ನೀರನ್ನೇ ಮರೆಮಾಚಿದಂತಾಯಿತು. "ಒಂದೆರಡು ಕಡೆ" ಎನ್ನುವುದಕ್ಕೂ ಲೆಕ್ಕವಿದೆ: ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗದಲ್ಲಿ ಅಂಥ ಮಳೆಯಾಗಬಹುದು. ಭಯದ ಸಂದೇಶ ಈ ಮಾತನ್ನು ನುಂಗಿ ಇಡೀ ಜಿಲ್ಲೆಯನ್ನು ಮುಳುಗಿಸಿತ್ತು. ಅದನ್ನು ಮರಳಿ ತಂದರೆ ಭಯ ತಾನಾಗಿಯೇ ಅರ್ಧ ಇಳಿಯುತ್ತದೆ.

ಇನ್ನು ಆ ಬೆದರಿಕೆ. "ಜೀವ ಉಳಿಯುವುದಿಲ್ಲ" ಎಂಬುದನ್ನು ಸುಮ್ಮನೆ ತೆಗೆದರೆ ಸಾಲದು, ಅದರ ಜಾಗದಲ್ಲಿ ಮಾಡಬೇಕಾದ ಕೆಲಸ ಬರಬೇಕು. ಅಪಾಯ ಯಾರಿಗೆ? ಉಕ್ಕುವ ತೋಡನ್ನು ದಾಟುವವರಿಗೆ, ಗುಡ್ಡ ಕಡಿದು ಕಟ್ಟಿದ ಮನೆಯಲ್ಲಿರುವವರಿಗೆ. ಅವರನ್ನು ಹೆಸರಿಸಿಯೇ ಹೇಳಬೇಕು. ತಿದ್ದಿದ ಸಂದೇಶ ಹೀಗಾಗುತ್ತದೆ:

"ನಾಳೆ ಉಡುಪಿ ಜಿಲ್ಲೆಗೆ ಆರೆಂಜ್ ಅಲರ್ಟ್ ಇದೆ. ಒಂದೆರಡು ಕಡೆ ಭಾರೀಯಿಂದ ಅತಿ ಭಾರೀ ಮಳೆಯಾಗುವ ಸಾಧ್ಯತೆ ಇದೆ. 24 ಗಂಟೆಗಳಲ್ಲಿ 115 ಮಿಲಿಮೀಟರ್ ಮೀರಬಹುದು. ನೀರು ಹರಿಯುತ್ತಿರುವ ತೋಡು, ಕಿರುಸೇತುವೆಗಳನ್ನು ದಾಟಬೇಡಿ. ಕಡಿದ ಗುಡ್ಡದ ಕೆಳಗೆ ಮನೆಯಿದ್ದರೆ ರಾತ್ರಿ ಬೇರೆಡೆ ಮಲಗಲು ವ್ಯವಸ್ಥೆ ಮಾಡಿಕೊಳ್ಳಿ."

ಬಣ್ಣ, ದಿನ, ಜಾಗ, ಪ್ರಮಾಣ, "ಸಾಧ್ಯತೆ" ಎಂಬ ಪದ, ಈ ಐದೂ ಮೂಲದಲ್ಲಿದ್ದಂತೆಯೇ ಉಳಿದಿವೆ. "ಸಾಧ್ಯತೆ"ಯನ್ನು "ಖಚಿತ" ಮಾಡಿದರೂ ಅದು ಬೆದರಿಕೆಯೇ. ನಾಳೆ ನಿಮ್ಮೂರಿನಲ್ಲಿ ಹನಿ ಬೀಳದಿದ್ದರೆ, ಜನ ಮುಂದಿನ ಎಚ್ಚರಿಕೆಯನ್ನು ಓದುವುದೇ ಇಲ್ಲ.

ರೆಡ್ ಅಲರ್ಟ್ ಬಂದ ದಿನವೂ ದನಿ ಏರಿಸಬೇಕಾಗಿಲ್ಲ. ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಈಗಲೇ ಕ್ರಮ ಕೈಗೊಳ್ಳಿ ಎಂದರ್ಥ. ಬಣ್ಣ, ಪ್ರಮಾಣಗಳ ಜೊತೆಗೆ ಅಂದು ಬದಲಾಗಬೇಕಾದದ್ದು ಕೊನೆಯ ಸಾಲು ಮಾತ್ರ: "ಕಡಿದ ಗುಡ್ಡದ ಕೆಳಗೆ ಮನೆಯಿದ್ದರೆ ಸಂಜೆಯ ಬೆಳಕಿರುವಾಗಲೇ ಮನೆ ಬಿಡಿ."