ಕಿವಿಗೆ ಒಂದು, ಕಣ್ಣಿಗೆ ಎರಡು

ಮಾನ್ಯರೆ,

ನಮ್ಮ ಅವೆನ್ಯೂ ರಸ್ತೆಯಲ್ಲಿ ಕಾಗದ, ಲಕೋಟೆ, ಲೆಕ್ಕದ ಪುಸ್ತಕಗಳನ್ನು ಮಾರುವ ಅಂಗಡಿಗಳ ಮುಂದೆ ನಡೆದು ಹೋದವರೆಲ್ಲ ‘ಸ್ಟೇಷನರಿ’ ಎಂಬ ಫಲಕವನ್ನು ಓದಿಯೇ ಇರುತ್ತಾರೆ. ಕನ್ನಡದಲ್ಲಿ ಬರೆದಾಗ ಆ ಪದದಲ್ಲಿ ಗೊಂದಲವೇನೂ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಹತ್ತು ಅಕ್ಷರಗಳ ಪೈಕಿ ಎಂಟನೆಯದು ‘ಇ’ಯೋ ‘ಎ’ಯೋ ಎಂದು ಕೈ ಒಂದು ಕ್ಷಣ ತಡೆಯುತ್ತದೆ. ‘ಇ’ ಬರೆದರೆ ಕಾಗದ ಮತ್ತು ಲಕೋಟೆ. ‘ಎ’ ಬರೆದರೆ ಅಲುಗಾಡದೆ ನಿಂತದ್ದು. ಕಿವಿಗೆ ಎರಡೂ ಒಂದೇ. ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧಗಳಲ್ಲಿ ಹೀಗೆ ಒಂದೇ ಉಚ್ಚಾರಣೆಯ ಎರಡು ಪದಗಳನ್ನು ಹೂಡಿ ಕಟ್ಟುವ ಸುಳಿವನ್ನು ಬಿಡಿಸುವ ಬಗೆ ಇಂದಿನ ನನ್ನ ವಿಷಯ.

ಇಂಥ ಸುಳಿವಿನಲ್ಲಿ ಮೂರು ತುಂಡುಗಳಿರುತ್ತವೆ. ನಾವು ಚೌಕದಲ್ಲಿ ಬರೆಯಬೇಕಾದ ಪದದ ಅರ್ಥ ಒಂದು. ಬರೆಯಬಾರದ, ಬರಿಯ ಕಿವಿಯಲ್ಲಿ ಕೇಳಬೇಕಾದ ಪದದ ಅರ್ಥ ಇನ್ನೊಂದು. ‘ಕೇಳಿಸಿತು’, ‘ಹೇಳಿದರಂತೆ’, ‘ರೇಡಿಯೋದಲ್ಲಿ’ ಎಂಬಂತೆ ಧ್ವನಿಯ ಕಡೆಗೆ ಕೈ ತೋರಿಸುವ ಸೂಚಕ ಪದ ಮೂರನೆಯದು. ಸೂಚಕ ಯಾವ ತುಂಡಿಗೆ ಅಂಟಿಕೊಂಡಿದೆಯೋ ಆ ತುಂಡಿನ ಪದವನ್ನು ಕೇಳಬೇಕು, ಉಳಿದ ತುಂಡಿನ ಪದವನ್ನು ಬರೆಯಬೇಕು. ಬಿಡಿಸುವವರು ಎಡವುವುದು ಹೆಚ್ಚಾಗಿ ಇದೊಂದೇ ಜಾಗದಲ್ಲಿ.

ಸ್ಟೇಷನರಿಯನ್ನೇ ತೆಗೆದುಕೊಳ್ಳೋಣ. ‘ಪೇಪರ್ ಅಂಡ್ ಎನ್ವಲಪ್ಸ್ ನಾಟ್ ಮೂವಿಂಗ್, ವೀ ಹಿಯರ್’, ಹತ್ತು ಅಕ್ಷರ ಎಂಬ ಸುಳಿವು ಇದೆಯೆನ್ನಿ. ‘ವೀ ಹಿಯರ್’ ಕೊನೆಯಲ್ಲಿದೆ. ಅದರ ಪಕ್ಕದಲ್ಲಿರುವುದು ‘ನಾಟ್ ಮೂವಿಂಗ್’. ಆದ್ದರಿಂದ ಕೇಳಬೇಕಾದದ್ದು ಅಲುಗಾಡದ್ದನ್ನು, ಬರೆಯಬೇಕಾದದ್ದು ಕಾಗದವನ್ನು. ಎಂಟನೆಯ ಮನೆಯಲ್ಲಿ ‘ಇ’. ಅದೇ ಸೂಚಕವನ್ನು ಎತ್ತಿ ಎರಡು ಅರ್ಥಗಳ ನಡುವೆ ಇಟ್ಟರೆ ಅದು ಎಡಕ್ಕೂ ನೋಡುತ್ತದೆ, ಬಲಕ್ಕೂ ನೋಡುತ್ತದೆ, ಮತ್ತು ಎರಡು ಉತ್ತರಗಳೂ ಸರಿಯಾಗಿಬಿಡುತ್ತವೆ. ಅಂಥ ಸುಳಿವು ಬಿಡಿಸುವವರ ತಪ್ಪಲ್ಲ, ಕಟ್ಟಿದವರ ತಪ್ಪು ಎಂಬುದೇ ನನ್ನ ಖಚಿತವಾದ ಅಭಿಪ್ರಾಯ.

ನಡುವೆ ಸಿಕ್ಕಿದ ಸೂಚಕದ ಸುಳಿವಿನಲ್ಲಿ ನಮ್ಮನ್ನು ಕಾಪಾಡಬೇಕಾದದ್ದು ಅಡ್ಡ ಹಾಯುವ ಪದಗಳು. ಮೀನಿನ ‘ಸೋಲ್’ ಮತ್ತು ಆತ್ಮದ ‘ಸೋಲ್’ ಎರಡೂ ನಾಲ್ಕು ಅಕ್ಷರದವು. ಮೊದಲೆರಡು ಅಕ್ಷರ ಎರಡಕ್ಕೂ ‘ಎಸ್’ ಮತ್ತು ‘ಒ’. ಮೂರನೆಯದು ಮೀನಿಗೆ ‘ಎಲ್’, ಆತ್ಮಕ್ಕೆ ‘ಯು’. ನಾಲ್ಕನೆಯದು ಮೀನಿಗೆ ‘ಇ’, ಆತ್ಮಕ್ಕೆ ‘ಎಲ್’. ಸಾಮಾನ್ಯ ಚೌಕದಲ್ಲಿ ಒಂದು ಬಿಟ್ಟು ಒಂದು ಮನೆಗೆ ಅಡ್ಡಪದ ಸಿಗುವುದರಿಂದ ಮೂರನೆಯದೋ ನಾಲ್ಕನೆಯದೋ ಒಂದು ಸಿಕ್ಕೇ ಸಿಗುತ್ತದೆ, ಸಂದೇಹ ಅಲ್ಲಿಗೆ ತೀರುತ್ತದೆ. ಸ್ಟೇಷನರಿಯಲ್ಲಿ ಈ ಅನುಕೂಲವಿಲ್ಲ. ಅಡ್ಡಪದಗಳು ಒಂದು, ಮೂರು, ಐದು, ಏಳು, ಒಂಬತ್ತನೆಯ ಮನೆಗಳಲ್ಲಿ ಹಾದುಹೋದರೆ ವ್ಯತ್ಯಾಸವಿರುವ ಒಂದೇ ಒಂದು ಮನೆ, ಅಂದರೆ ಎಂಟನೆಯದು, ಒಂಟಿಯಾಗಿ ಉಳಿಯುತ್ತದೆ. ಸುತ್ತಲಿನ ಪದಗಳೆಲ್ಲ ಸರಿಯಾಗಿ ತುಂಬಿದರೂ ನಮ್ಮ ಉತ್ತರ ತಪ್ಪಿರಬಹುದು, ಚೌಕ ಅದನ್ನು ಹೇಳುವುದೇ ಇಲ್ಲ. ಹಾಗಾಗಿ ಸಮಧ್ವನಿಯ ಸುಳಿವು ಎಂದು ಗೊತ್ತಾದ ಕೂಡಲೇ ಎರಡು ಪದಗಳನ್ನೂ ಅಂಚಿನಲ್ಲಿ ಒಂದರ ಕೆಳಗೊಂದು ಬರೆದು, ಎಷ್ಟನೆಯ ಅಕ್ಷರದಲ್ಲಿ ಬೇರೆಯಾಗುತ್ತವೆ ಎಂದು ಎಣಿಸಿ, ಆ ಮನೆಗೆ ಅಡ್ಡಪದ ಇದೆಯೇ ಎಂದು ನೋಡುವುದು ನನ್ನ ಅಭ್ಯಾಸ. ಇಲ್ಲವಾದರೆ ಸೂಚಕ ನಿಂತ ಜಾಗವೊಂದೇ ಆಧಾರ.

ಇಲ್ಲೊಂದು ಮಾತು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗುತ್ತಿಲ್ಲ. ಈ ಎರಡು ಸ್ಟೇಷನರಿಗಳೂ ಒಂದೇ ಬೇರಿನವು. ಊರೂರು ಅಲೆದು ಮಾರುವವರ ನಡುವೆ ಒಂದೇ ಜಾಗದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಪುಸ್ತಕ ವ್ಯಾಪಾರಿಗೆ ಮಧ್ಯಯುಗದ ಯೂರೋಪಿನಲ್ಲಿ ‘ನೆಲೆ ನಿಂತವನು’ ಎಂಬ ಅರ್ಥದ ಹೆಸರು ಬಂತು. ಅವನೇ ಸ್ಟೇಷನರ್, ಅವನು ಮಾರುವುದು ಸ್ಟೇಷನರಿ. ವ್ಯಾಪಾರಿಯ ಹೆಸರಿನ ಕೊನೆಯಲ್ಲಿರುವ ‘ಇ-ಆರ್’ ನೆನಪಿದ್ದರೆ ಕಾಗದದ ಕಾಗುಣಿತ ಎಂದೂ ತಪ್ಪುವುದಿಲ್ಲ.

ನಮಗೆ, ಅಂದರೆ ಕನ್ನಡದ ಕಿವಿಯವರಿಗೆ, ಬೇರೆಯೇ ಒಂದು ತೊಡಕಿದೆ. ‘ಆರಿಜಿನ್ ಆಫ್ ಕೆಚಪ್, ವೀ ಹಿಯರ್’, ಆರು ಅಕ್ಷರ. ಈ ಬಗೆಯ ಸುಳಿವಿನ ಮುಂದೆ ನಾನು ಮೊದಲ ಸಲ ಬನಶಂಕರಿಯಿಂದ ಮೆಜೆಸ್ಟಿಕ್‌ವರೆಗೂ ಬಸ್ಸಿನಲ್ಲಿ ಪೆನ್ಸಿಲ್ ಹಿಡಿದು ಸುಮ್ಮನೆ ಕುಳಿತಿದ್ದೆ. ಕೆಚಪ್ ಎಂದರೆ ಸಾಸ್ ಎಂದು ಹೊಳೆದಿತ್ತು, ಮೂಲ ಎಂದರೆ ಸೋರ್ಸ್ ಎಂದೂ ಹೊಳೆದಿತ್ತು. ಇವೆರಡೂ ಒಂದೇ ಧ್ವನಿ ಎಂದು ಮಾತ್ರ ಹೊಳೆಯಲಿಲ್ಲ, ಏಕೆಂದರೆ ನನ್ನ ಬಾಯಲ್ಲಿ ಅವು ಒಂದಲ್ಲ. ದಕ್ಷಿಣ ಇಂಗ್ಲೆಂಡಿನ ಮಾತಿನಲ್ಲಿ ಮುಂದೆ ಸ್ವರವಿಲ್ಲದ ‘ಆರ್’ ಉಚ್ಚಾರವಾಗುವುದಿಲ್ಲ. ನಾವು ಬರೆದ ‘ರ’ಕಾರವನ್ನೆಲ್ಲ ನುಡಿಯುವವರು. ಮೇಲಾಗಿ ‘ಲಾ’, ‘ಸಾಸ್’ ಮುಂತಾದವುಗಳಲ್ಲಿ ಅವರು ನುಡಿಯುವ, ‘ಆ’ ಮತ್ತು ‘ಓ’ಗಳ ನಡುವಿನ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಗುರುತಿಲ್ಲ, ಒಮ್ಮೆ ‘ಆ’ ಎಂದು, ಒಮ್ಮೆ ‘ಓ’ ಎಂದು ಬರೆದುಕೊಳ್ಳುತ್ತೇವೆ. ಆದ್ದರಿಂದ ಹೊಳೆದ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ವ್ಯಂಜನದ ಹಿಂದೆ ಅಥವಾ ಪದದ ಕೊನೆಯಲ್ಲಿ ಬರುವ ‘ರ್’ ಹೊಡೆದುಹಾಕಿ, ‘ಓ’ ಇದ್ದಲ್ಲಿ ‘ಆ’ ಇಟ್ಟು ನೋಡಿ. ಸೋರ್ಸ್ ‘ಸೋಸ್’ ಆಗಿ ‘ಸಾಸ್’ ಆಗುತ್ತದೆ. ನ್ಯಾಯಾಲಯದ ‘ಕೋರ್ಟ್’ ಇದೇ ದಾರಿಯಲ್ಲಿ ಹಿಡಿದದ್ದು ಎಂಬ ಅರ್ಥದ ‘ಕಾಟ್’ ಆಗುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು: ‘ವಿ’ ಮತ್ತು ‘ಡಬ್ಲ್ಯೂ’ಗಳನ್ನು ನಾವು ಒಂದೇ ‘ವ’ಕಾರದಲ್ಲಿ ನುಡಿಯುವುದರಿಂದ ದ್ರಾಕ್ಷಿಬಳ್ಳಿಯೂ ದ್ರಾಕ್ಷಾರಸವೂ ನಮಗೆ ‘ವೈನ್’. ಇಂಗ್ಲೆಂಡಿನ ಪದಬಂಧಕಾರರು ಇವನ್ನು ಜೋಡಿ ಎಂದು ಒಪ್ಪುವುದಿಲ್ಲ.

ಕನ್ನಡದಲ್ಲಿ ಇಂಥ ಸುಳಿವು ಏಕೆ ಅಪರೂಪ ಎಂದು ಕೇಳುವವರಿದ್ದಾರೆ. ಹಳಗನ್ನಡದಲ್ಲಿ ಕತ್ತಿ ಎಂಬ ಅರ್ಥದ ‘ಬಾಳ್’ ಬೇರೆ, ಬದುಕು ಎಂಬ ಅರ್ಥದ ‘ಬಾೞ್’ ಬೇರೆ. ಆ ಎರಡು ಧ್ವನಿಗಳು ಬೆರೆತುಹೋದಾಗ ನಾವು ಅಕ್ಷರವನ್ನೂ ಬಿಟ್ಟೆವು. ಇಂಗ್ಲಿಷಿನವರು ಧ್ವನಿ ಹೋದರೂ ಅಕ್ಷರವನ್ನು ಉಳಿಸಿಕೊಂಡರು. ಆದರೂ ನಮಗೆ ಸ್ವಲ್ಪ ಉಳಿದಿದೆ. ‘ಶ’ ಮತ್ತು ‘ಷ’ಗಳ ವ್ಯತ್ಯಾಸ ಇಂದು ಬಹುಮಟ್ಟಿಗೆ ಬರವಣಿಗೆಯಲ್ಲಿ ಮಾತ್ರ. ‘ಗರಳದ ಎಂದು ಕೇಳಿಸಿದರೂ ಸ್ಪಷ್ಟವಾದದ್ದು’, ಮೂರು ಅಕ್ಷರ ಎಂದರೆ, ಕೇಳಿಸಿದ್ದು ‘ವಿಷದ’, ಬರೆಯಬೇಕಾದದ್ದು ‘ವಿಶದ’. ಇಲ್ಲಿ ಸೂಚಕ ನಡುವೆಯೇ ನಿಂತಿದೆ, ಆದರೂ ಗೊಂದಲವಿಲ್ಲ. ‘ಎಂದು’ ಹಿಂದಿನ ಮಾತನ್ನಷ್ಟೇ ಹಿಡಿಯುತ್ತದೆ, ಮುಂದಕ್ಕೆ ನೋಡುವುದಿಲ್ಲ. ಇಂಗ್ಲಿಷ್ ಸುಳಿವುಗಾರರು ಸ್ಥಾನ ಬದಲಿಸಿ ಪಡೆಯುವ ಖಚಿತತೆಯನ್ನು ನಮ್ಮ ಭಾಷೆ ಒಂದು ಪುಟ್ಟ ಪದದಲ್ಲಿ ಕೊಡುತ್ತದೆ.

ಉಚ್ಚಾರಣೆ ಯಾರದು ಎಂಬ ಪ್ರಶ್ನೆಯನ್ನೂ ಕನ್ನಡದಲ್ಲಿ ಸುಳಿವಿನೊಳಗೇ ಹೇಳಿಬಿಡಬಹುದು. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಪದದ ಮೊದಲ ‘ಹ’ಕಾರ ಬಿದ್ದುಹೋಗುವುದು ನಮಗೆಲ್ಲ ಗೊತ್ತು. ಆದ್ದರಿಂದ ಎರಡು ಅಕ್ಷರಕ್ಕೆ ನಾನು ಕಟ್ಟಿದ ಸುಳಿವು ಇದು: ‘ಪಕ್ಷಿ ಎಂದು ಹಳ್ಳಿಯ ಅಜ್ಜಿ ಹೇಳಿದರೆ ಅನ್ನಕ್ಕಾಗುತ್ತದೆ’. ‘ಹಳ್ಳಿಯ ಅಜ್ಜಿ’ ಇಲ್ಲದಿದ್ದರೆ ಇದು ಮೋಸದ ಸುಳಿವು. ಅವರಿರುವುದರಿಂದ ಮೊದಲ ಮನೆಯಲ್ಲಿ ‘ಅ’ ಎಂದು ಧೈರ್ಯವಾಗಿ ಬರೆಯಬಹುದು.