ಡೀಪ್ ಫ್ರೀಜರ್ ಯಾವ ಕೆಲಸಕ್ಕೆ ಸ್ವಾಮಿ?

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಆದರೆ ಬೆಳಿಗ್ಗೆ ಕಾಫಿ ಕುಡಿಯುವಾಗ, ಸಂಶೋಧನೆಗೆ ದುಡ್ಡು ಕೇಳಿ ಬರೆಯೋ ಪ್ರಪೋಸಲ್‌ನಲ್ಲಿ ಪ್ರತಿ ಖರ್ಚಿಗೂ ಕಾರಣ ಕೊಡೋದರ ಬಗ್ಗೆ ಒಂದು ಕಾಮೆಂಟ್ ಓದಿದೆ. ಕಾಫಿ ಆರಿಹೋಯಿತು, ನಾನು ಬಿಸಿಯಾದೆ. ಕಾಮೆಂಟ್ ಹೀಗಿದೆ: "ಸರ್, ಬಜೆಟ್ ಜಸ್ಟಿಫಿಕೇಶನ್‌ಗೆ ಇಷ್ಟು ತಲೆ ಕೆಡಿಸಿಕೊಳ್ತೀರಾ? ಹಳೇ ಪ್ರಪೋಸಲ್‌ದು ಕಾಪಿ ಮಾಡಿ ಅಂಕಿ ಬದಲಾಯಿಸಿದರೆ ಆಯ್ತು. ಹೇಗೂ ಕಟ್ ಮಾಡ್ತಾರೆ, ಸ್ವಲ್ಪ ಜಾಸ್ತಿ ಕೇಳಿ."

ಕಾಪಿ ಮಾಡಿದ್ದು ದುಡ್ಡು ಕೊಡೋ ಏಜೆನ್ಸಿಯ ಕಮಿಟಿಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳ್ತೀರಾ? ನನಗೆ ಗೊತ್ತು, ಯಾಕೆಂದರೆ ನಾನೇ ಸಿಕ್ಕಿಬಿದ್ದವನು. ನನ್ನ ಮೊದಲನೇ ಪ್ರಪೋಸಲ್ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ. ಬಜೆಟ್‌ನಲ್ಲಿ ಒಂದು ಮೈನಸ್ 80 ಡಿಗ್ರಿ ಡೀಪ್ ಫ್ರೀಜರ್ ಇತ್ತು. ಜಸ್ಟಿಫಿಕೇಶನ್ ಜಾಗದಲ್ಲಿ "ಸ್ಯಾಂಪಲ್ ಸಂಗ್ರಹಿಸಿಡಲು ಅತ್ಯಗತ್ಯ" ಅಂತ ಬರೆದಿದ್ದೆ. ಅದು ಬಯೋಟೆಕ್ ಗೆಳೆಯನ ಪ್ರಪೋಸಲ್‌ನಿಂದ ನಡೆದುಕೊಂಡು ಬಂದ ಫ್ರೀಜರ್. ಫ್ಲೋರೈಡ್ ನೋಡುವ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಗೇ ಇಟ್ಟರೆ 28 ದಿನ ಏನೂ ಆಗುವುದಿಲ್ಲ. ಗಾಜಿನ ಬಾಟಲಿ ಬೇಡ ಅಷ್ಟೇ. ಕಮಿಟಿಯಲ್ಲಿದ್ದ ಒಬ್ಬ ಹಿರಿಯರು ಕನ್ನಡಕ ಮೇಲೆತ್ತಿ ಒಂದೇ ಮಾತು ಕೇಳಿದರು: "ಇದು ಯಾವ ಕೆಲಸಕ್ಕೆ?"

ನಾನು ಫ್ಯಾನ್ ನೋಡಿದೆ.

ಇವತ್ತಿನ ಎಪಿಸೋಡ್ ಪೂರ್ತಿ ಆ ಒಂದು ಮಾತು. ಯಾವ ಕೆಲಸಕ್ಕೆ? ಬಜೆಟ್‌ನ ಪ್ರತಿ ಸಾಲಿನ ಹಿಂದೆ ನಿಮ್ಮ ಕೆಲಸದ ಪಟ್ಟಿಯ ಒಂದು ಕೆಲಸ ನಿಂತಿರಬೇಕು. "ಅತ್ಯಗತ್ಯ", "ಸಂಶೋಧನೆಗೆ ಅವಶ್ಯಕ" ಇವೆಲ್ಲ ಕಾರಣ ಅಲ್ಲ, ಒಗ್ಗರಣೆ.

ಬನ್ನಿ, ಅದೇ ಪ್ರಪೋಸಲ್ ಸರಿ ಮಾಡೋಣ. ಪಾವಗಡದ ಕಡೆ 60 ಕೊಳವೆಬಾವಿ. ವರ್ಷಕ್ಕೆ 2 ಸಲ ನೀರು ತರಬೇಕು, ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಹೀಗೆ 2 ವರ್ಷ. ಅಂದರೆ 4 ಸುತ್ತು, 240 ಸ್ಯಾಂಪಲ್. ಹತ್ತಕ್ಕೊಂದು ಡೂಪ್ಲಿಕೇಟ್ ತೆಗೆದರೆ ಇನ್ನೂ 24. ಒಟ್ಟು 264. ಈ 264 ಅನ್ನೋದನ್ನು ಮರೀಬೇಡಿ, ಬಜೆಟ್‌ನ ಎಷ್ಟೋ ಸಾಲು ಇದರ ಹೊಟ್ಟೆಯಿಂದಲೇ ಹುಟ್ಟುತ್ತವೆ.

ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆಯುವಾಗ ನೀರಿಗೆ ಸರಿಸಮ ಟಿಸ್ಯಾಬ್ ಅನ್ನೋ ಬಫರ್ ದ್ರಾವಣ ಬೆರೆಸಬೇಕು. 25 ಎಂಎಲ್ ನೀರಿಗೆ 25 ಎಂಎಲ್ ಬಫರ್. ಪ್ರತಿ ಸ್ಯಾಂಪಲ್ ಎರಡೆರಡು ಸಲ ಅಳೆದರೆ ತಲಾ 50 ಎಂಎಲ್. 264 ಸ್ಯಾಂಪಲ್‌ಗೆ 13.2 ಲೀಟರ್. ಒಂದೊಂದು ಸುತ್ತಿಗೆ ಲ್ಯಾಬ್‌ನಲ್ಲಿ 3 ದಿನ, ದಿನಾ 5 ಸ್ಟ್ಯಾಂಡರ್ಡ್ ಹಾಕಿ ಕ್ಯಾಲಿಬ್ರೇಶನ್. ಅದಕ್ಕೆ ಇನ್ನೊಂದೂವರೆ ಲೀಟರ್. ಬಜೆಟ್‌ನಲ್ಲಿ 15 ಲೀಟರ್ ಅಂತ ಬರೀರಿ, ಪಕ್ಕದಲ್ಲಿ ಈ ಲೆಕ್ಕ ಎರಡು ಸಾಲಿನಲ್ಲಿ ಬರೀರಿ. ಈಗ ಆ ಹಿರಿಯರು ಕನ್ನಡಕ ಎತ್ತಲಿ ನೋಡೋಣ! "ರಾಸಾಯನಿಕಗಳು ಮತ್ತು ಗಾಜಿನ ಸಾಮಾನು, 3 ಲಕ್ಷ" ಅಂತ ಬರೆಯೋರಿದ್ದಾರೆ. ಮದುವೆಗೆ ಅಡುಗೆ ಭಟ್ಟರು ಕೂಡ "ಸಾಮಾನು, 3 ಲಕ್ಷ" ಅಂತ ಚೀಟಿ ಕೊಡಲ್ಲ. ಎಷ್ಟು ಎಲೆ, ಎಷ್ಟು ಪಂಕ್ತಿ ಅಂತ ಕೇಳಿ, ಆಮೇಲೆ ಬೇಳೆ ಎಷ್ಟು ಅಂತ ಹೇಳ್ತಾರೆ.

ಅಂದ ಹಾಗೆ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿಬಿಡಿ. ಅದಕ್ಕೆ ಯಾವ ಬಜೆಟ್ಟೂ ಬೇಡ.

ಈಗ "ಹೇಗೂ ಕಟ್ ಮಾಡ್ತಾರೆ" ಅನ್ನೋರ ವಿಚಾರಕ್ಕೆ ಬರೋಣ. ನೀರು ತರೋಕೆ ಗಾಡಿ ಬೇಕಲ್ಲ, ದಿನಕ್ಕೆ 10 ಬಾವಿ ಮುಗಿಸಿದರೆ ಒಂದು ಸುತ್ತಿಗೆ 6 ದಿನ, 4 ಸುತ್ತಿಗೆ 24 ದಿನ. ಮೊದಲು ಬಾವಿ ಆರಿಸೋಕೆ 2 ದಿನ. ಒಟ್ಟು 26 ದಿನ ಗಾಡಿ. ಟ್ಯಾಕ್ಸಿಯವರ ಕೊಟೇಶನ್ ದಿನಕ್ಕೆ 3,500 ಇದೆ ಅಂದುಕೊಳ್ಳಿ, 91,000 ಆಯ್ತು. ಕಮಿಟಿ ಇದರಲ್ಲಿ 42,000 ಕಟ್ ಮಾಡ್ತೀವಿ ಅಂತು. 42,000 ಅಂದರೆ 12 ದಿನ. 12 ದಿನ ಅಂದರೆ 2 ಸುತ್ತು. ಅಂದರೆ ಎರಡನೇ ವರ್ಷದ ಫೀಲ್ಡ್ ಕೆಲಸ ಪೂರ್ತಿ ಹೋಯ್ತು. ಆಗ ನೀವು ಧೈರ್ಯವಾಗಿ ಹೇಳಬಹುದು: "ಸರ್, ಕಟ್ ಮಾಡಿ, ಆದರೆ ವರ್ಷದಿಂದ ವರ್ಷಕ್ಕೆ ಫ್ಲೋರೈಡ್ ಬದಲಾಗುತ್ತಾ ಅನ್ನೋ ಎರಡನೇ ಉದ್ದೇಶಾನೂ ಜೊತೆಗೇ ಹೊಡೆದುಹಾಕಿ." ಅದೇ ನೀವು "ಟ್ರಾವೆಲ್, 1,50,000, ಫೀಲ್ಡ್ ಮತ್ತು ಸಮ್ಮೇಳನ" ಅಂತ ಉಬ್ಬಿಸಿ ಬರೆದಿದ್ದರೆ? ಪೆನ್ ಎತ್ತಿ 80,000 ಅಂತ ಮಾಡ್ತಾರೆ. ನಿಮ್ಮ ಹತ್ರ ಉತ್ತರ ಇರಲ್ಲ. ಜಾಸ್ತಿ ಕೇಳಿದವರಿಗೇ ಕತ್ತರಿ ಕುರುಡಾಗಿ ಬೀಳೋದು.

ಇನ್ನೊಬ್ಬರ ಪ್ರಶ್ನೆ, "ಸರ್, ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡೋ ಕಿರಿಯ ಸಂಶೋಧಕರ, ಅಂದರೆ ಜೆಆರ್‌ಎಫ್‌ಗಳ ಸಂಬಳ ಸರ್ಕಾರವೇ ನಿಗದಿ ಮಾಡಿದೆ, ಅದಕ್ಕೇನು ಜಸ್ಟಿಫಿಕೇಶನ್?" ಅಯ್ಯೋ ಮಾರಾಯರೇ, ಸರ್ಕಾರ ನಿಗದಿ ಮಾಡಿದ್ದು ದರ, ಕೆಲಸ ಅಲ್ಲ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಆದ ಮೇಲೆ 42,000. ಜೊತೆಗೆ ಎಚ್‌ಆರ್‌ಎ. ಅದರಲ್ಲೂ ಬೆಂಗಳೂರಿನ 30 ಪರ್ಸೆಂಟ್ ಕಾಪಿ ಮಾಡಿ ಮೈಸೂರಿನ ಕಾಲೇಜಿಗೆ ಹಾಕ್ತಾರೆ. ಮೈಸೂರಿಗೆ 20. ಕಾಪಿ ಅನ್ನೋದು ಅಲ್ಲೇ ಬಯಲಾಗುತ್ತೆ.

ಆದರೆ ಅದು ಸಣ್ಣ ತಪ್ಪು. ದೊಡ್ಡದು ಮೂರನೇ ವರ್ಷದಲ್ಲಿದೆ. ನಮ್ಮ ಲೆಕ್ಕದಲ್ಲಿ ನೀರು ತರೋದು 2 ವರ್ಷಕ್ಕೇ ಮುಗೀತು. ಆದರೆ ಜೆಆರ್‌ಎಫ್ ಹುಡುಗಿಗೆ 3 ವರ್ಷ ಸಂಬಳ ಕೇಳಿದ್ದೀರಿ. ಮೂರನೇ ವರ್ಷ 42,000ದ ಹಾಗೆ 12 ತಿಂಗಳು, ಎಚ್‌ಆರ್‌ಎ ಬಿಟ್ಟೇ 5,04,000. ಯಾವ ಕೆಲಸಕ್ಕೆ? ಟೈಮ್‌ಲೈನ್ ತೆಗೆದು ನೋಡಿದರೆ ಮೂರನೇ ವರ್ಷದಲ್ಲಿ "ವರದಿ ಬರೆಯುವುದು" ಅಂತ ಒಂದೇ ಡಬ್ಬಿ. ವರದಿ ಬರೆಯೋಕೆ 12 ತಿಂಗಳಾ! ನಿಜವಾಗಿ ಕೆಲಸ ಇದ್ದೇ ಇರುತ್ತೆ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ಬಾವಿಗಳ ನಕ್ಷೆ ಮಾಡಬೇಕು, ಬಾವಿಯ ಆಳದ ಜೊತೆ ಹೋಲಿಸಬೇಕು, ಪಂಚಾಯಿತಿಗೆ ಹೋಗಿ ಫಲಿತಾಂಶ ಕೊಡಬೇಕು. ಅದನ್ನು ಟೈಮ್‌ಲೈನ್‌ನಲ್ಲಿ ತಿಂಗಳ ಸಮೇತ ಬರೆದಿಲ್ಲ ಅಷ್ಟೇ. ಬಜೆಟ್ ಬರೆಯುವಾಗ ಸಾಲಿಗೆ ಕೆಲಸ ಸಿಗಲಿಲ್ಲ ಅಂದರೆ ಎರಡೇ ದಾರಿ. ಸಾಲು ಹೊಡೆಯಿರಿ, ಇಲ್ಲಾ ಹಿಂದಕ್ಕೆ ಹೋಗಿ ಮರೆತ ಕೆಲಸ ಬರೀರಿ. ಪಂಚಾಯಿತಿಗೆ ಹೋಗೋ ಕೆಲಸ ಸೇರಿಸಿದಿರಾ? ಹಾಗಾದರೆ ಆ ಗಾಡಿಯ ದಿನಗಳೂ ಸೇರಲಿ. 26 ಈಗ 26 ಅಲ್ಲ!

"ಸರ್, ರಿಸರ್ಚ್‌ನಲ್ಲಿ ಎಲ್ಲ ಮೊದಲೇ ಗೊತ್ತಾಗುತ್ತಾ?" ಇಲ್ಲ. ಯಾರು ಹೇಳಿದ್ದು ಗೊತ್ತಾಗುತ್ತೆ ಅಂತ? ಬದಲಾದರೆ ಏಜೆನ್ಸಿಗೆ ಬರೆದು ಒಪ್ಪಿಗೆ ತಗೊಳ್ಳಿ. ಗೊತ್ತಿಲ್ಲ ಅನ್ನೋದು ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಕಾರಣ ಆಗಲ್ಲ! ಮಗಳ ಮದುವೆಗೆ ಮಳೆ ಬಂದರೂ ಬರಬಹುದು ಅಂತ ದೋಣಿ ತರಿಸ್ತೀರಾ?

ಇನ್ನು ಕಂಟಿಂಜೆನ್ಸಿ, ಅಂದರೆ ಚಿಲ್ಲರೆ ಖರ್ಚಿನ ಸಾಲು. ಅದರ ಬಗ್ಗೆ ಮಾತಾಡಿದರೆ ನನ್ನ ಬಿಪಿ... ಬೇಡ, ಇನ್ನೊಂದು ಎಪಿಸೋಡ್ ಮಾಡ್ತೀನಿ. ನಾನು ಬಳಸೋ ಎಕ್ಸೆಲ್ ಹಾಳೆ ಕೆಳಗೆ ಲಿಂಕ್‌ನಲ್ಲಿದೆ. ಅದರಲ್ಲಿ ಕೊನೇ ಕಾಲಂ ಹೆಸರೇ "ಯಾವ ಕೆಲಸಕ್ಕೆ". ಖಾಲಿ ಬಿಟ್ಟರೆ ಸಾಲು ಕೆಂಪಾಗುತ್ತೆ. ನನ್ನ ಮುಖದ ಹಾಗೆ.

ಲೈವ್‌ನಲ್ಲಿ ಯಾರೋ ಕೇಳ್ತಿದ್ದಾರೆ, "ಸರ್, ಪಕ್ಕದಲ್ಲಿರೋ ಎರಡನೇ ಮೈಕ್ ಯಾವ ಕೆಲಸಕ್ಕೆ?"

ಅದು... ಅದು ಅತ್ಯಗತ್ಯ. ಸರಿ, ಹೊರಟೆ.