ಆ ಬಾಯಿ ಬಿಟ್ಟ ಮುಖ ಯಾರದ್ದು?

ಕೇಳುಗರಿಗೆ ನಮಸ್ಕಾರ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮಕ್ಕಳು ಒಂದು ಹಳದಿ ಮುಖದ ಚಿತ್ರ ಹಾಕುತ್ತಾರೆ, ನೋಡಿದ್ದೀರಲ್ವಾ? ಚೂಪು ಕಿವಿ, ದುಂಡಗಿನ ಕಪ್ಪು ಕಣ್ಣು, ಕೆಂಪು ಕೆನ್ನೆ, ತೆರೆದ ಬಾಯಿ. ಅದು ಪಿಕಾಚು. ಜಪಾನಿನಲ್ಲಿ 1997ರಲ್ಲಿ ಶುರುವಾದ ಪೋಕೆಮಾನ್ ಕಾರ್ಟೂನಿನ ಪುಟ್ಟ ಪ್ರಾಣಿ. ಈ ಮುಖ ಇಂಟರ್ನೆಟ್ಟಿನಲ್ಲಿ ಎಲ್ಲೆಡೆ ಹರಡಿದ್ದು 2018ರಲ್ಲಿ.

ನೋಡಿದರೆ ಆಶ್ಚರ್ಯಪಟ್ಟ ಮುಖ. ಆದರೆ ಕಳಿಸಿದವರಿಗೆ ಏನೂ ಆಶ್ಚರ್ಯ ಆಗಿರುವುದಿಲ್ಲ. ಆ ಮುಖ ಕಳಿಸಿದವರದ್ದಲ್ಲ, ಹಿಂದಿನ ಮೆಸೇಜು ಬರೆದವರದ್ದು. ನಾನು ಹೇಳಬೇಕಾದ್ದು ಇದೊಂದೇ.

ನಮ್ಮ ಸೋದರಮಾವ ಒಮ್ಮೆ ಗ್ರೂಪಿಗೆ ಬರೆದರು: 'ರಾತ್ರಿ ಫೋನ್ ಚಾರ್ಜಿಗೆ ಹಾಕಲಿಲ್ಲ. ಬಸ್ ಹತ್ತಿದ ಮೇಲೆ ಆಫ್ ಆಯ್ತು. ಟಿಕೆಟ್ ಅದರಲ್ಲೇ ಇತ್ತು.' ನನ್ನ ಮಗ ತಕ್ಷಣ ಪಿಕಾಚು ಹಾಕಿದ. ಮಾವ ಖುಷಿಯಿಂದ, 'ಹೌದು ಮಗಾ, ನಂಗೂ ಹಾಗೇ ಆಯ್ತು' ಅಂತ ಉತ್ತರ ಕೊಟ್ಟರು. ಹುಡುಗರೆಲ್ಲ ಸೇರಿ ನಗುವ ಮುಖ ಸುರಿಸಿದರು. ಮಾವನಿಗೆ ಸಿಟ್ಟು ಬಂತು. ನನಗೆ ಫೋನ್ ಮಾಡಿ, 'ಯಾಕೆ ನಗ್ತಾವೆ ಇವು? ನಾನೇನು ತಪ್ಪು ಹೇಳಿದೆ?' ಅಂದರು.

'ಮಾವ, ಚಿತ್ರ ಬಿಡಿ, ನಿಮ್ಮ ಮೆಸೇಜೇ ಇನ್ನೊಂದ್ಸಲ ಓದಿ' ಅಂದೆ. ಓದಿದರು. ಚಾರ್ಜಿಗೆ ಹಾಕಲಿಲ್ಲ, ಇದು ನೀವು ಮಾಡಿದ್ದು. ಆಫ್ ಆಯ್ತು, ಇದು ಆಗಲೇಬೇಕಾದದ್ದು. ಮೂರನೆಯದು ಆ ಮುಖ. 'ಇದು ಗೊತ್ತಿದ್ದದ್ದೇ ಅಲ್ವಾ, ಯಾಕೆ ಬಾಯಿ ಬಿಡ್ತೀರಿ?' ಅಂತ ಕೊಂಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾವ ಕೇಳಿದರು, 'ಹಾಗಾದ್ರೆ ಆ ಹಳದಿ ಇಲಿ ನಾನೇನಾ?' ಹೌದು, ನೀವೇ! ನಾನು ಇಷ್ಟು ಹೊತ್ತು ಹೇಳುತ್ತಿರುವುದೂ ಅದನ್ನೇ.

ಹಾಗಾಗಿ ಮೊದಲು ಮುಖ ನೋಡಬೇಡಿ, ದಯವಿಟ್ಟು. ಹಿಂದಿನ ಮೆಸೇಜು ನೋಡಿ. ಅದರಲ್ಲಿ ಮಾಡಿದ್ದು ಮತ್ತು ಅದರಿಂದ ಆಗಲೇಬೇಕಾದದ್ದು ಎರಡೂ ಇದ್ದರೆ, ಅದು ಕೊಂಕು. ಮಗಳಿಗೆ ದಿಢೀರಂತ ಕೆಲಸ ಸಿಕ್ಕಿತು ಎಂಬ ಸುದ್ದಿಯ ಕೆಳಗೆ ಅದೇ ಮುಖ ಬಂದರೆ ಅದು ನಿಜವಾದ ಬೆರಗೇ ಇರಬಹುದು, ಅಲ್ಲಿ ಯಾರ ತಪ್ಪೂ ಇಲ್ಲವಲ್ಲ. ಇನ್ನೊಂದು, ಗ್ರೂಪಿನಲ್ಲಿ ಮಧ್ಯೆ ಬೇರೆಯವರ ಮೆಸೇಜು ನುಗ್ಗಿರುತ್ತದೆ. ಚಿತ್ರದ ತಲೆಯ ಮೇಲೆ ಯಾರ ಮಾತು ಚಿಕ್ಕ ಚೌಕದಲ್ಲಿ ಕಾಣುತ್ತದೋ, ಗುರಿ ಅವರೇ. ಚೌಕ ಇಲ್ಲದಿದ್ದರೆ ಒಂದೆರಡು ಮೆಸೇಜು ಹಿಂದಕ್ಕೆ ಹೋಗಿ ಹುಡುಕಿ.

ಸಮಯ ಆಗ್ತಾ ಬಂತು. ಕೋಳಿಯ ಹಾಗೆ ಬಗ್ಗಿ ನಿಂತ ಸ್ಪಾಂಜ್‌ಬಾಬ್ ಅನ್ನೋ ಇನ್ನೊಂದು ಕಾರ್ಟೂನ್ ಪಾತ್ರದ ಚಿತ್ರವೂ ಇದೆ, 2017ರದ್ದು. ಅದರ ಜೊತೆ ನಿಮ್ಮ ಮಾತನ್ನೇ ತಿರುಗಿ ಬರೆದಿರುತ್ತಾರೆ, ಇಂಗ್ಲಿಷ್ ಅಕ್ಷರ ಒಂದು ದೊಡ್ಡದು, ಒಂದು ಚಿಕ್ಕದು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ಅದಕ್ಕೇ ಮಕ್ಕಳು ಕನ್ನಡ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಗೆ ಒತ್ತುತ್ತಾರೆ. ಅಲ್ಲೂ ಅಣಕದ ದನಿ ಅವರದ್ದು, ಮಾತು ನಿಮ್ಮದು. ನಮಸ್ಕಾರ.